‘ಅಂತೆ’ ಎಲ್ಲಿ ಹೋಯಿತು? ತಾಳವಾಡಿಯ ಒಂದು ಘಟನಾ ವರದಿ ಮತ್ತು ಅದರ ಇಂಗ್ಲಿಷ್ ಅನುವಾದ

(ಗಡಿನಾಡ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ.

ಬೆಳಗಿನಿಂದ ಕಾದಂಬರಿ, ವಚನ, ಸಣ್ಣಕತೆಗಳ ಅನುವಾದದ ಬಗ್ಗೆ ಮಾತು ನಡೆದಿದೆ. ನಾನು ತಂದಿರುವುದು ಎಂಟೇ ವಾಕ್ಯಗಳ ಒಂದು ಕಾಗದ. ಅದು ಸಾಹಿತ್ಯವಲ್ಲ. ನಮ್ಮೂರಿನ ಕಡೆ ನಡೆದ ಒಂದು ಆನೆ ದಾಳಿಯ ವರದಿ. ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟವಳು ನಾನೇ. ಮೊದಲ ಸಲ ಮಾಡಿದ್ದು ತಪ್ಪಾಗಿತ್ತು. ಹೀಗಾಗಿ ಇಂದಿನ ವಿಮರ್ಶೆ ನನ್ನದೇ ಕರಡಿನ ಮೇಲೆ, ಬೇರೆ ಯಾರ ಅನುವಾದದ ಮೇಲೂ ಅಲ್ಲ.

ಸ್ವಲ್ಪ ಹಿನ್ನೆಲೆ. ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಚಾಮರಾಜನಗರ ನಮಗೆ ಹತ್ತಿರ. ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿನ 27 ತಿರುವು ಇಳಿಯಬೇಕು. ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಜೋಳ, ಬಾಳೆ, ಕಬ್ಬು ಫಸಲಿಗೆ ಬಂದಾಗ ಆನೆಯೂ ಬರುತ್ತದೆ. ರಾತ್ರಿ ಅಟ್ಟಣೆ ಮೇಲೆ ಕಾವಲು ಕೂರುವುದು ನಮ್ಮ ಕಡೆ ಬೇಸಾಯದ ಒಂದು ಭಾಗವೇ ಆಗಿಬಿಟ್ಟಿದೆ. ಹಾಗೆ ಕಾವಲಿಗೆ ಹೋದ ಒಬ್ಬ ಹಿರಿಯರಿಗೆ ಆನೆ ಹೊಡೆದು ಕಾಲು ಮುರಿಯಿತು. ಜೊತೆಗಿದ್ದ ಅವರ ತಮ್ಮನ ಮಗ ಮಾರನೇ ದಿನ ಕನ್ನಡದಲ್ಲಿ ವರದಿ ಬರೆದು ಸಹಿ ಹಾಕಿ ಕೊಟ್ಟ. ಕನ್ನಡದಲ್ಲಿ ಬರೆದದ್ದು ತಪ್ಪಲ್ಲ. ರಾಜ್ಯದಲ್ಲೋ ಒಕ್ಕೂಟದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಡುತ್ತದೆ. ಆದರೆ ಪರಿಹಾರದ ವಿಷಯ ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಅಲ್ಲಿ ಇಂಗ್ಲಿಷ್ ಪ್ರತಿ ಬೇಕು, ಈಗಲೇ ಮಾಡಿಸಿ ಇಟ್ಟುಕೊಳ್ಳಿ ಎಂದು ವಕೀಲರು ಹೇಳಿದರು. ಹುಡುಗ ನನಗೆ ಫೋನ್ ಮಾಡಿದ: “ಅಕ್ಕಾ, ನೀವು ಕನ್ನಡ ಎಂ.ಎ. ಮಾಡ್ತಾ ಇದ್ದೀರಲ್ಲ, ಒಂದು ಗಂಟೆ ಕೆಲಸ, ಮಾಡ್ಕೊಡಿ.”

ಒಂದು ಗಂಟೆಯಲ್ಲಿ ಮಾಡಿಯೇ ಕೊಟ್ಟೆ. ಆ ಒಂದು ಗಂಟೆಯ ಕತೆಯೇ ಈ ಪ್ರಬಂಧ.

ವರದಿ ಹೀಗಿದೆ. ಮನೆಯವರ ಒಪ್ಪಿಗೆ ಪಡೆದು, ಹೆಸರು, ಸರ್ವೆ ನಂಬರು ತೆಗೆದು ಕೊಡ್ತಿದ್ದೇನೆ. ಅಂಕಿ ಹಾಕಿದವಳು ನಾನು.

1. ಸೋಮವಾರ ರಾತ್ರಿ ನಾನೂ ನಮ್ಮ ದೊಡ್ಡಪ್ಪನೂ ಜೋಳಕ್ಕೆ ಕಾವಲು ಹೋಗಿದ್ದೆವು.
2. ಒಂದು ಎರಡು ಗಂಟೆ ಇರಬಹುದು, ನಾಯಿ ಬೊಗಳಿತು.
3. ಅಟ್ಟಣೆಯಿಂದ ಇಳಿದು ನೋಡಿದರೆ ಕರೆಂಟು ಬೇಲಿ ಒಂದು ಕಡೆ ಬಿದ್ದಿತ್ತು.
4. ಅದರಲ್ಲಿ ಆವತ್ತು ಕರೆಂಟು ಇರಲಿಲ್ಲವಂತೆ.
5. ದೊಡ್ಡಪ್ಪ ಬ್ಯಾಟರಿ ಹಿಡಿದುಕೊಂಡು ಕಾಡಿನ ಕಡೆ ಹೋದರು.
6. ಆನೆ ಬಂದು ಸೊಂಡಿಲಲ್ಲಿ ಹೊಡೆದು ಕೆಳಗೆ ಬಿದ್ದು ಕಾಲು ಮುರಿಯಿತು.
7. ಪಟಾಕಿ ಹೊಡೆದರು, ಆನೆ ಹೋಯಿತು.
8. ಬೆಳಿಗ್ಗೆ ಗಾರ್ಡು ಬಂದು ನೋಡಿಕೊಂಡು ಹೋದರು.

ಓದಿದರೆ ತೊಡಕು ಇಲ್ಲ ಅನ್ನಿಸುತ್ತೆ. ನಮ್ಮ ಊರಿನವರಿಗೆ ನಿಜವಾಗಿಯೂ ಇಲ್ಲ. ನನ್ನ ಮೊದಲ ಇಂಗ್ಲಿಷ್ ಕರಡೂ ಬಹಳ ಸರಾಗವಾಗಿತ್ತು. ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: “ಸೋಮವಾರ ರಾತ್ರಿ 2 ಗಂಟೆಗೆ ನಾಯಿಗಳು ಬೊಗಳಿದ್ದು ಕೇಳಿ ನಾವು ಇಳಿದೆವು. ವಿದ್ಯುತ್ ಬೇಲಿಯನ್ನು ಒಂದು ಕಡೆ ಕೆಡವಲಾಗಿತ್ತು. ಅಂದು ಅದರಲ್ಲಿ ವಿದ್ಯುತ್ ಇರಲಿಲ್ಲ. ನನ್ನ ದೊಡ್ಡಪ್ಪ ಬ್ಯಾಟರಿಯನ್ನು ತೆಗೆದುಕೊಂಡು ಕಾಡಿನೊಳಗೆ ಹೋದರು. ಆನೆ ಅವರನ್ನು ಸೊಂಡಿಲಿನಿಂದ ಹೊಡೆದು ಕೆಳಕ್ಕೆ ಎಸೆದು ಕಾಲು ಮುರಿಯಿತು. ನಾವು ಪಟಾಕಿ ಸಿಡಿಸಿ ಓಡಿಸಿದೆವು. ಬೆಳಿಗ್ಗೆ ಅರಣ್ಯ ರಕ್ಷಕರು ಬಂದು ಸ್ಥಳ ಪರಿಶೀಲನೆ ನಡೆಸಿದರು.”

ಇದರಲ್ಲಿ ನಾನು ಬೇಕೆಂದು ಬದಲಿಸಿದ್ದು ಒಂದೂ ಇಲ್ಲ. ಆದರೂ ಬೇಲಿಯನ್ನು ಕೆಡವಿದ ಒಬ್ಬ ಅದೃಶ್ಯ ವ್ಯಕ್ತಿ ಹುಟ್ಟಿಕೊಂಡಿದ್ದಾನೆ, ದೊಡ್ಡಪ್ಪ ಕಾಡಿನೊಳಗೆ ಹೊಕ್ಕಿದ್ದಾರೆ, ಬೇಲಿಯ ಬ್ಯಾಟರಿ ಅವರ ಕೈಯಲ್ಲಿದೆ, ಇಲಾಖೆ ಒಂದು ತನಿಖೆ ನಡೆಸಿದೆ. ನಾಯಿ ಕೂಡ ಒಂದಿದ್ದದ್ದು ಹಲವಾಗಿದೆ. ಇವು ಹೇಗೆ ನುಸುಳಿದವು ಅಂತ ಒಂದೊಂದಾಗಿ ನೋಡೋಣ.

ಹೇಳಿದ್ದು, ಕೇಳಿದ್ದು

ಮೊದಲು ನಾಲ್ಕನೇ ವಾಕ್ಯ. ‘ಇರಲಿಲ್ಲ’ ಬೇರೆ, ‘ಇರಲಿಲ್ಲವಂತೆ’ ಬೇರೆ. ಎರಡನೆಯದರಲ್ಲಿ ಹುಡುಗ ತನಗೆ ಗೊತ್ತಿರುವುದರ ಅಳತೆಯನ್ನೂ ಹೇಳಿಬಿಟ್ಟಿದ್ದಾನೆ: ಇದನ್ನು ನಾನು ಪರೀಕ್ಷಿಸಿ ನೋಡಿದ್ದಲ್ಲ, ಇನ್ನೊಬ್ಬರಿಂದ ತಿಳಿದದ್ದು. ‘ಅಂತೆ’ ಎಂಬ ಎರಡಕ್ಷರ ವಾಕ್ಯದ ತುದಿಯಲ್ಲಿ ಕೂತು ಇಡೀ ವಾಕ್ಯದ ಹೊಣೆಯನ್ನು ಬೇರೆಯವರ ಮೇಲೆ ಇಡುತ್ತದೆ. ನನ್ನ ಕರಡಿನಲ್ಲಿ ಅದು ಇಲ್ಲವೇ ಇಲ್ಲ.

ಯಾಕೆ ಬಿಟ್ಟೆ? ಪ್ರಾಮಾಣಿಕವಾಗಿ ಹೇಳ್ತೇನೆ. ತರಗತಿಯಲ್ಲಿ ಕತೆಗಳನ್ನು ಅನುವಾದಿಸುವಾಗ ‘ಅಂತೆ’ಯನ್ನು ನಾವು ನಿರೂಪಣೆಯ ದನಿ ಅಂತ ನೋಡ್ತೇವೆ. ಅಜ್ಜಿ ಕತೆಯಲ್ಲಿ ಪ್ರತಿ ವಾಕ್ಯಕ್ಕೂ ಅದು ಬರುತ್ತೆ; ಇಂಗ್ಲಿಷಿನಲ್ಲಿ ಪ್ರತಿ ಸಲ ತಂದರೆ ಭಾರವಾಗುತ್ತೆ, ಒಂದು ಕಡೆ ತಂದು ಉಳಿದ ಕಡೆ ಬಿಡಿ ಅಂತ ನನಗೆ ಹೇಳಿಕೊಟ್ಟಿದ್ದಾರೆ. ಕತೆಗೆ ಅದು ಒಳ್ಳೆಯ ಸಲಹೆಯೇ. ವರದಿಯಲ್ಲಿ ಮಾತ್ರ ‘ಅಂತೆ’ ದನಿಯಲ್ಲ, ಅದೂ ಒಂದು ಸಂಗತಿ. ‘ಬೇಲಿಯಲ್ಲಿ ಕರೆಂಟು ಇರಲಿಲ್ಲ’ ಎಂದು ಸಹಿ ಹಾಕಿದವನನ್ನು ನಾಳೆ ಯಾರಾದರೂ “ನೀನು ಮುಟ್ಟಿ ನೋಡಿದೆಯಾ, ಮೀಟರು ಇಟ್ಟು ನೋಡಿದೆಯಾ?” ಎಂದು ಕೇಳಿದರೆ ಅವನಿಗೆ ‘ಇಲ್ಲ’ ಅನ್ನದೆ ಬೇರೆ ದಾರಿಯಿಲ್ಲ. ಆಗ ಆ ಒಂದು ವಾಕ್ಯದ ಜೊತೆ ಉಳಿದ ಏಳು ವಾಕ್ಯಗಳ ಮೇಲೂ ಅನುಮಾನ ಬೀಳುತ್ತದೆ. ಕನ್ನಡದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಅವನ ಬಾಯಲ್ಲಿ ನಾನು ಹೇಳಿಸಿದ್ದೆ.

ಸರಿ, ‘ಅಂತೆ’ಗೆ ಇಂಗ್ಲಿಷಿನಲ್ಲಿ ಏನು ಹಾಕುವುದು? ‘ರಿಪೋರ್ಟೆಡ್‌ಲಿ’ ಅಂದರೆ ಪತ್ರಿಕೆಯ ಭಾಷೆ, ಎಲ್ಲೋ ವರದಿಯಾಗಿದೆ ಎಂಬ ಅರ್ಥ ಬರುತ್ತದೆ. ‘ಇಟ್ ಈಸ್ ಸೆಡ್’ ಅಂದರೆ ಊರೆಲ್ಲ ಆಡಿಕೊಳ್ಳುವ ಗಾಳಿಮಾತು ಆಗುತ್ತದೆ. ‘ಅಲೆಜೆಡ್‌ಲಿ’ ಅಂದರೆ ಆರೋಪ. ಕೊನೆಗೆ ‘ಐ ಆಮ್ ಟೋಲ್ಡ್’ ಉಳಿಯಿತು: ನನಗೆ ಹೇಳಿದ್ದಾರೆ, ಯಾರು ಎಂಬುದು ಇಲ್ಲಿ ಹೇಳಿಲ್ಲ. ಕನ್ನಡದ ವಾಕ್ಯ ಎಷ್ಟು ಹೇಳುತ್ತದೋ ಅಷ್ಟೇ. ಎರಡನೇ ವಾಕ್ಯದ ‘ಇರಬಹುದು’ಗೂ ಇದೇ ಮಾತು. ಅಲ್ಲಿ ನಾನು 2 ಗಂಟೆ ಎಂದು ಅಂಕಿಯಲ್ಲಿ ಬರೆದು ಅವನ ಕೈಗೊಂದು ಗಡಿಯಾರ ಕಟ್ಟಿದ್ದೆ.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ‘ಅಂತೆ’ ಇದ್ದರೆ ಕೇಳಿದ್ದು ಎನ್ನುವುದು ಖಚಿತ. ಆದರೆ ‘ಅಂತೆ’ ಇಲ್ಲದಿದ್ದರೆ ಕಣ್ಣಾರೆ ಕಂಡದ್ದು ಎಂದೇನೂ ಇಲ್ಲ. ಆರನೇ ವಾಕ್ಯದಲ್ಲಿ ‘ಅಂತೆ’ ಇಲ್ಲ. ಹುಡುಗ ಆನೆ ಹೊಡೆದದ್ದನ್ನು ನೋಡಿದನೋ, ಕೂಗು ಕೇಳಿ ಓಡಿದಾಗ ದೊಡ್ಡಪ್ಪ ಬಿದ್ದಿದ್ದರೋ, ವಾಕ್ಯದಿಂದ ತಿಳಿಯುವುದಿಲ್ಲ. ಅನುವಾದಕಿ ‘ಐ ಸಾ’ ಎಂದು ಸೇರಿಸಬಾರದು, ಸೇರಿಸದೆ ಬಿಟ್ಟದ್ದಕ್ಕೆ ತಲೆ ಕೆಡಿಸಿಕೊಳ್ಳಲೂಬಾರದು.

ಸೋಮವಾರ ರಾತ್ರಿ ಅಂದರೆ ಯಾವ ವಾರ?

ನಮಗೆ ದಿನ ಶುರುವಾಗುವುದು ಬೆಳಕು ಹರಿದ ಮೇಲೆ. ಸೋಮವಾರ ರಾತ್ರಿ ಮಲಗಿ, ಎರಡು ಗಂಟೆಗೆ ಎದ್ದರೆ ಅದೂ ಸೋಮವಾರ ರಾತ್ರಿಯೇ. ಇಂಗ್ಲಿಷಿನಲ್ಲಿ ನಾನು ಸೋಮವಾರ ಎಂದು ಬರೆದು ಪಕ್ಕದಲ್ಲಿ ‘2 ಎ.ಎಂ.’ ಹಾಕಿದ್ದೆ. ಕ್ಯಾಲೆಂಡರಿನ ಲೆಕ್ಕದಲ್ಲಿ ಅದು ಭಾನುವಾರ ಕಳೆದ ರಾತ್ರಿ. ಆಸ್ಪತ್ರೆಯ ಚೀಟಿಯಲ್ಲಿ ದಾಖಲಾಗಿರುವುದು ಮಂಗಳವಾರ ಬೆಳಗಿನ ಜಾವ. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಕಾಲು ಮುರಿದವರನ್ನು ಒಂದು ಹಗಲು, ಒಂದು ರಾತ್ರಿ ಪೂರ್ತಿ ಮನೆಯಲ್ಲೇ ಇಟ್ಟುಕೊಂಡಿದ್ದರು ಅನ್ನಿಸುತ್ತದೆ. ಇಲ್ಲವೇ ವರದಿಯೇ ಸುಳ್ಳು ಅನ್ನಿಸುತ್ತದೆ.

ಇನ್ನು ‘ಒಂದು ಎರಡು ಗಂಟೆ’. ಈ ‘ಒಂದು’ ಎಣಿಕೆಯ ಒಂದಲ್ಲ, ಅಂದಾಜಿನ ಒಂದು. ‘ಒಂದು ಹತ್ತು ಜನ ಬಂದಿದ್ರು’ ಅಂತೀವಲ್ಲ, ಹಾಗೆ. ಆದರೆ ‘ಒಂದೋ ಎರಡೋ ಗಂಟೆ’ ಎಂದೂ ಓದಬಹುದು. ಬಾಯಲ್ಲಿ ಹೇಳುವಾಗ ಎಳೆತದಲ್ಲಿ ವ್ಯತ್ಯಾಸ ಗೊತ್ತಾಗುತ್ತೆ; ಕಾಗದದ ಮೇಲೆ ಎಳೆತ ಇಲ್ಲ. ಇಂಥ ಕಡೆ ಬರೆದವನನ್ನೇ ಕೇಳುವುದೊಂದೇ ದಾರಿ. ಕೇಳಿದೆ. “ಎರಡರ ಆಸುಪಾಸು ಅಕ್ಕಾ, ಮೊಬೈಲ್ ನೋಡ್ಲಿಲ್ಲ” ಅಂದ. ಹೊಸ ಅನುವಾದದಲ್ಲಿ ‘ಸೋಮವಾರದ ರಾತ್ರಿ, ಸುಮಾರು ಎರಡು ಗಂಟೆ ಇರಬಹುದು’ ಎಂಬುದನ್ನೇ ಇಟ್ಟು, ಅಡಿಯಲ್ಲಿ ಟಿಪ್ಪಣಿ ಹಾಕಿದೆ: ಕನ್ನಡ ಬಳಕೆಯಲ್ಲಿ ಸೋಮವಾರ ರಾತ್ರಿ ಎಂಬುದು ಮಂಗಳವಾರ ಬೆಳಗಾಗುವವರೆಗೂ ನಡೆಯುತ್ತದೆ. ತಾರೀಖನ್ನು ನಾನೇ ತಿದ್ದಲಿಲ್ಲ.

ಬ್ಯಾಟರಿ, ಬೇಲಿ, ಕಾಡಿನ ಕಡೆ

ಮೈಸೂರು, ಚಾಮರಾಜನಗರ ಸೀಮೆಯವರಿಗೆ ಐದನೇ ವಾಕ್ಯ ಕೇಳಿದ ಕೂಡಲೇ ಗೊತ್ತಾಗುತ್ತೆ: ಬ್ಯಾಟರಿ ಅಂದರೆ ಟಾರ್ಚು. ನನಗೂ ಗೊತ್ತು, ಮನೆಯಲ್ಲಿ ದಿನಾ ಆಡುವ ಮಾತು. ಆದರೂ ಇಂಗ್ಲಿಷ್ ಬರೆಯುವಾಗ ಕಣ್ಣು ಆ ಪದದ ಮೇಲೆ ಜಾರಿತು. ಅದು ಇಂಗ್ಲಿಷ್ ಪದವೇ ತಾನೇ, ಅನುವಾದ ಏಕೆ ಬೇಕು ಅಂತ ಹಾಗೇ ಇಟ್ಟೆ. ನನ್ನ ಅನುಭವದಲ್ಲಿ ಅತಿ ಅಪಾಯದ ಪದಗಳು ಇವೇ. ಅಪ್ಪಟ ಕನ್ನಡ ಪದ ಬಂದರೆ ನಿಂತು ಯೋಚಿಸ್ತೇವೆ. ಕನ್ನಡಕ್ಕೆ ಬಂದು ಅರ್ಥ ಬದಲಾಯಿಸಿಕೊಂಡು ನೆಲೆಯಾದ ಇಂಗ್ಲಿಷ್ ಪದವನ್ನು ತವರಿಗೆ ಮರಳಿ ಕಳಿಸುವಾಗ ಯೋಚಿಸುವುದಿಲ್ಲ.

ಇದು ಬರೀ ಪದದ ತಪ್ಪಾಗಿ ಉಳಿಯುವುದಿಲ್ಲ. ಸೋಲಾರ್ ಬೇಲಿ ನಡೆಯುವುದೇ ಬ್ಯಾಟರಿಯಿಂದ. ಹಗಲು ಫಲಕದಿಂದ ಬ್ಯಾಟರಿ ತುಂಬುತ್ತದೆ, ರಾತ್ರಿ ಅದರಿಂದ ಒಂದು ಯಂತ್ರ ತಂತಿಗೆ ಸರಿಸುಮಾರು ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಹೊಡೆತ ಕಳಿಸುತ್ತದೆ. ಈಗ ನನ್ನ ಇಂಗ್ಲಿಷನ್ನು ಮತ್ತೆ ಓದಿ: ಬೇಲಿ ಬಿದ್ದಿದೆ, ವಿದ್ಯುತ್ ಇಲ್ಲ, ದೊಡ್ಡಪ್ಪ ಬ್ಯಾಟರಿ ತೆಗೆದುಕೊಂಡು ಹೋದರು! ಬೇಲಿ ಸತ್ತದ್ದಕ್ಕೆ ಕಾಲು ಮುರಿದುಕೊಂಡವರೇ ಕಾರಣ ಎಂದು ಓದುಗ ತೀರ್ಮಾನಿಸಿದರೆ ಅದು ಅವನ ತಪ್ಪಲ್ಲ.

‘ಕರೆಂಟು ಬೇಲಿ’ ಇದಕ್ಕಿಂತ ಸೂಕ್ಷ್ಮ. ನಮ್ಮ ಕಡೆ ಸೋಲಾರ್ ಬೇಲಿಯನ್ನೂ ಕರೆಂಟು ಬೇಲಿ ಅಂತಲೇ ಅನ್ನುವುದು. ಆದರೆ ಮನೆಯ ಲೈನಿನಿಂದಲೋ ಪಂಪ್‌ಸೆಟ್ಟಿನ ಲೈನಿನಿಂದಲೋ ನೇರ ತಂತಿ ಎಳೆದ ಬೇಲಿಗೂ ಅದೇ ಹೆಸರು. ಮೊದಲನೆಯದು ಆನೆಗೆ ಶಾಕ್ ಕೊಟ್ಟು ಹಿಮ್ಮೆಟ್ಟಿಸುತ್ತದೆ, ಎರಡನೆಯದು ಕೊಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಆನೆ ಇದೆ. ಅಂದರೆ ನಾನು ಹಾಕುವ ಒಂದು ಇಂಗ್ಲಿಷ್ ವಿಶೇಷಣ ಪರಿಹಾರ ಕೇಳುವವರನ್ನೇ ಆರೋಪಿಯ ಜಾಗದಲ್ಲಿ ನಿಲ್ಲಿಸಬಲ್ಲದು.

ಹಾಗಾದರೆ ‘ಸೋಲಾರ್ ಫೆನ್ಸ್’ ಎಂದು ಬರೆದುಬಿಡಬಹುದಾ? ನನಗೆ ಆ ಜಮೀನು ಗೊತ್ತು, ಅಲ್ಲಿರುವುದು ಸೋಲಾರೇ ಅಂತಲೂ ಗೊತ್ತು. ಇಲ್ಲೇ ನಾನು ಬಹಳ ಹೊತ್ತು ನಿಂತದ್ದು. ಹಾಗೆ ಬರೆದರೆ ನಿಜವನ್ನೇ ಬರೆದಂತಾಗುತ್ತದೆ, ಆದರೆ ಅದು ವರದಿಯ ನಿಜವಲ್ಲ, ನನ್ನ ನಿಜ. ವರದಿಗೆ ಸಹಿ ಹಾಕಿದವನು ಅವನು. ಮೈಯಲ್ಲಿ ‘ಎಲೆಕ್ಟ್ರಿಕ್ ಫೆನ್ಸ್’ ಎಂದೇ ಇಟ್ಟು, ಟಿಪ್ಪಣಿಯಲ್ಲಿ ‘ಮೂಲದಲ್ಲಿ ಕರೆಂಟು ಬೇಲಿ ಎಂದಿದೆ, ಸ್ಥಳೀಯ ಬಳಕೆಯಲ್ಲಿ ಈ ಪದ ಸೋಲಾರ್ ಬೇಲಿಗೂ ಲೈನಿನಿಂದ ನೇರ ಎಳೆದ ಬೇಲಿಗೂ ಸಲ್ಲುತ್ತದೆ’ ಎಂದು ಬರೆದೆ. ಅವರ ಬೇಲಿ ಯಾವುದು ಎಂದು ಹೇಳಬೇಕಾದವರು ಅವರು.

‘ಕಾಡಿನ ಕಡೆ’ಯನ್ನು ‘ಇನ್‌ಟು ದ ಫಾರೆಸ್ಟ್’ ಮಾಡಿದ್ದು ಶುದ್ಧ ಅವಸರ. ಕಡೆ ಅಂದರೆ ದಿಕ್ಕು. ಹೊಲದ ಒಂದು ಅಂಚು ಮನೆ ಕಡೆ, ಇನ್ನೊಂದು ರಸ್ತೆ ಕಡೆ, ಮತ್ತೊಂದು ಕಾಡಿನ ಕಡೆ. ದೊಡ್ಡಪ್ಪ ಹೊಲದೊಳಗೇ ನಾಲ್ಕು ಹೆಜ್ಜೆ ಹಾಕಿದ್ದರೂ ವಾಕ್ಯ ಹೀಗೇ ಇರುತ್ತಿತ್ತು. ಸ್ವಂತ ಜೋಳದಲ್ಲಿ ನಿಂತವನಿಗೆ ಆನೆ ಹೊಡೆದದ್ದಕ್ಕೂ ಮಧ್ಯರಾತ್ರಿ ಮೀಸಲು ಅರಣ್ಯದೊಳಗೆ ಹೊಕ್ಕವನಿಗೆ ಹೊಡೆದದ್ದಕ್ಕೂ ಕಚೇರಿಯವರು ಕೇಳುವ ಪ್ರಶ್ನೆಗಳೇ ಬೇರೆ. ‘ಟುವರ್ಡ್ಸ್’ ಎಂಬ ಒಂದು ಪದ ಸಾಕಾಗಿತ್ತು.

ಕರ್ತೃ ಇಲ್ಲದ ಕಡೆ ಕರ್ತೃ

ಇನ್ನುಳಿದವು ವ್ಯಾಕರಣದ ಒತ್ತಡಕ್ಕೆ ಆದ ತಪ್ಪುಗಳು. ಕನ್ನಡದ ವ್ಯಾಕರಣವನ್ನು ಕನ್ನಡದ್ದೇ ಆಗಿ ನೋಡಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಆ ಮಾತು ನನಗೆ ಮೈಗೆ ತಾಗಿದ್ದು ಈ ಕಾಗದದ ಮುಂದೆ ಕೂತಾಗ.

‘ಬೇಲಿ ಬಿದ್ದಿತ್ತು’ ನೋಡಿ. ‘ಬೀಳು’ ಬೇರೆ, ‘ಬೀಳಿಸು’ ಬೇರೆ. ಹುಡುಗ ಬಳಸಿದ್ದು ಮೊದಲನೆಯದು. ಗಾಳಿಗೆ ಬಿತ್ತೋ, ಆನೆ ತುಳಿಯಿತೋ, ಮನುಷ್ಯರು ಕಿತ್ತರೋ, ಅವನು ಹೇಳಿಲ್ಲ. ಅವನು ನೋಡುವಾಗ ಅದು ಬಿದ್ದ ಸ್ಥಿತಿಯಲ್ಲಿತ್ತು, ಅಷ್ಟೆ. ನಾನು ‘ಹ್ಯಾಡ್ ಬೀನ್ ನಾಕ್ಡ್ ಡೌನ್’ ಎಂದೆ. ಕರ್ಮಣಿ ಪ್ರಯೋಗದಲ್ಲಿ ಕರ್ತೃ ಕಾಣಿಸದಿದ್ದರೂ ಒಬ್ಬ ಕರ್ತೃ ಇದ್ದೇ ಇರುತ್ತಾನೆ. ‘ವಾಸ್ ಡೌನ್’ ಅಂದಿದ್ದರೆ ಮುಗಿದಿತ್ತು.

ಏಳನೇ ವಾಕ್ಯದಲ್ಲಿ ಕರ್ತೃವೇ ಇಲ್ಲ. ‘ಪಟಾಕಿ ಹೊಡೆದರು’. ಯಾರು? ಇಂಗ್ಲಿಷ್ ವಾಕ್ಯಕ್ಕೆ ಯಾರಾದರೂ ಬೇಕು. ಸ್ಥಳದಲ್ಲಿ ಇದ್ದವರು ಇವರಿಬ್ಬರೇ ಅಂದುಕೊಂಡು ನಾನು ‘ವಿ’ ಹಾಕಿದೆ. ಆದರೆ ಕನ್ನಡದಲ್ಲಿ ‘ಹೊಡೆದೆವು’ ಇಲ್ಲ, ‘ಹೊಡೆದರು’ ಇದೆ. ಕ್ರಿಯಾಪದದ ಬಾಲವೇ ‘ನಾವಲ್ಲ’ ಎಂದು ಹೇಳುತ್ತಿತ್ತು, ನಾನು ಓದಲಿಲ್ಲ. ಕೇಳಿದರೆ ಹುಡುಗ, “ಪಕ್ಕದ ಹೊಲದವರು ಇರಬೇಕು ಅಕ್ಕಾ, ಕತ್ಲೆ, ಯಾರು ಅಂತ ನೋಡೋ ಸ್ಥಿತೀಲಿ ಇರ್ಲಿಲ್ಲ” ಅಂದ. ಹೀಗಾಗಿ ಅಲ್ಲಿ ಕರ್ಮಣಿ ಪ್ರಯೋಗವೇ ಸರಿಹೋಯಿತು: ‘ಕ್ರ್ಯಾಕರ್ಸ್ ವರ್ ಬರ್ಸ್ಟ್’. ಮೂರನೇ ವಾಕ್ಯದಲ್ಲಿ ತಪ್ಪಾಗಿದ್ದ ಕರ್ಮಣಿ ಏಳನೇ ವಾಕ್ಯದಲ್ಲಿ ಸರಿ, ಏಕೆಂದರೆ ಇಲ್ಲಿ ಕರ್ತೃ ಇದ್ದಾರೆ ಎಂದು ಕನ್ನಡವೇ ಹೇಳುತ್ತಿದೆ, ಯಾರು ಎಂದು ಮಾತ್ರ ಹೇಳುತ್ತಿಲ್ಲ.

ಆರನೇ ವಾಕ್ಯ: ‘ಬಂದು, ಹೊಡೆದು, ಬಿದ್ದು, ಮುರಿಯಿತು’. ಒಂದರ ಹಿಂದೆ ಒಂದು ನ್ಯೂನಕ್ರಿಯೆ. ಬಂದದ್ದು, ಹೊಡೆದದ್ದು ಆನೆ; ಬಿದ್ದದ್ದು ದೊಡ್ಡಪ್ಪ; ಮುರಿದದ್ದು ಕಾಲು. ನಡುವೆ ಕರ್ತೃ ಎರಡು ಸಲ ಬದಲಾಗಿದೆ. ಕಟ್ಟುನಿಟ್ಟಿನ ವ್ಯಾಕರಣದಲ್ಲಿ ಇದು ತಪ್ಪು ಎನ್ನಬಹುದು. ಮಾತಿನ ಕನ್ನಡದಲ್ಲಿ ದಿನಾ ನಡೆಯುತ್ತದೆ. ಈ ಸರಪಳಿ ಹೇಳುವುದು ಮುಖ್ಯವಾಗಿ ಕ್ರಮವನ್ನು: ಮೊದಲು ಇದು, ಆಮೇಲೆ ಇದು. ಕಾರಣ ಇದೆಯೋ ಇಲ್ಲವೋ ಕೇಳುವವರು ಊಹಿಸಿಕೊಳ್ಳುತ್ತಾರೆ. ‘ಮಳೆ ಬಂದು ಗೋಡೆ ಬಿತ್ತು’ ಅಂದಾಗ ಕಾರಣ ಹೊಳೆಯುತ್ತೆ. ‘ಮಳೆ ಬಂದು ನಿಂತಿತು’ ಅಂದಾಗ ಬರೀ ಕ್ರಮ. ನಾನು ನಾಲ್ಕನ್ನೂ ಆನೆಯ ತಲೆಗೆ ಕಟ್ಟಿ, ‘ಎಸೆದು’ ಎಂಬ ಐದನೆಯದನ್ನು ಕೈಯಿಂದ ಸೇರಿಸಿದ್ದೆ. ತಿದ್ದಿದ ರೂಪ ಹೀಗೆ: ಆನೆಯೊಂದು ಬಂದು ಸೊಂಡಿಲಿನಿಂದ ಹೊಡೆಯಿತು, [ಅವರು] ಕೆಳಗೆ ಬಿದ್ದರು, [ಅವರ] ಕಾಲು ಮುರಿಯಿತು. ಚೌಕ ಕಂಸದ ಪದಗಳು ಮೂಲದಲ್ಲಿ ಇಲ್ಲ, ಇಂಗ್ಲಿಷ್ ಬೇಡಿದ್ದಕ್ಕೆ ಸೇರಿಸಿದ್ದು ಎಂದು ಮೊದಲ ಪುಟದಲ್ಲೇ ಬರೆದೆ.

ಕೊನೆಯ ವಾಕ್ಯದ ‘ಗಾರ್ಡು... ಹೋದರು’ ಗೌರವದ ಬಹುವಚನ. ಬಂದವರು ಒಬ್ಬರೇ. ನನ್ನ ಇಂಗ್ಲಿಷಿನಲ್ಲಿ ಒಂದು ತಂಡವೇ ಬಂದಿತ್ತು. ಅದಕ್ಕಿಂತ ದೊಡ್ಡ ತಪ್ಪು ‘ಇನ್‌ಸ್ಪೆಕ್ಟೆಡ್’. ‘ನೋಡಿಕೊಂಡು ಹೋದರು’ ಅಂದರೆ ಬಂದರು, ನೋಡಿದರು, ಹೋದರು. ಸ್ಥಳ ಪರಿಶೀಲನೆ ಅಂದರೆ ಕಚೇರಿಯ ಭಾಷೆಯಲ್ಲಿ ಅಳತೆ, ಫೋಟೊ, ಸಹಿ, ದಾಖಲೆ. ಅಂಥದ್ದು ನಡೆದಿತ್ತೋ ಇಲ್ಲವೋ ಹುಡುಗ ಹೇಳಿಲ್ಲ. ನಡೆದಿಲ್ಲದಿದ್ದರೆ ನಡೆಯಿತೆಂದು ಅವನ ಸಹಿಯಲ್ಲಿ ನಾನೇ ಒಪ್ಪಿಕೊಂಡ ಹಾಗಾಯಿತು.

ಕೇಳಿ ತಿಳಿದದ್ದನ್ನು ಎಲ್ಲಿ ಇಡುವುದು?

ತಪ್ಪು ಹೊರಬಿದ್ದದ್ದು ಹೇಗೆ ಅಂತ ಹೇಳಬೇಕು. ಕರಡನ್ನು ಹಾಸ್ಟೆಲಿನ ಒಬ್ಬ ಗೆಳತಿಗೆ ಕೊಟ್ಟು, ಮೂಲ ತೋರಿಸದೆ, ಇದನ್ನು ಕನ್ನಡಕ್ಕೆ ತಾ ಅಂದೆ. ಅವಳು ಸೊಲ್ಲಾಪುರದವಳು, ಆನೆ ನೋಡಿದ್ದು ಸರ್ಕಸ್ಸಿನಲ್ಲಿ ಮಾತ್ರ. ಆದ್ದರಿಂದಲೇ ಉಪಯೋಗವಾಯಿತು. “ನಿಮ್ಮ ಮಾವ ಬೇಲಿ ಬ್ಯಾಟರಿ ಯಾಕ ತಗೊಂಡ ಹೋದ್ರ?” ಅಂತ ಕೇಳಿದಳು. ಊರಿನವರಿಗೆ ತೋರಿಸಿದ್ದರೆ ಅವರು ಗೊತ್ತಿದ್ದದ್ದನ್ನೇ ಓದಿಕೊಳ್ಳುತ್ತಿದ್ದರು. ಇನ್ನೊಂದು ಮಾತು: ನಾನು ಮೂಲವನ್ನೇ ಅವಳಿಗೆ ಕೊಟ್ಟಿದ್ದರೆ ‘ಜೋಳ’ ಎಂಬಲ್ಲಿ ಅವಳು ತನ್ನೂರಿನ ಬಿಳಿಜೋಳ ಅಂದುಕೊಳ್ಳುತ್ತಿದ್ದಳು. ಈ ಹೊಲದಲ್ಲಿ ಇದ್ದದ್ದು ಮುಸುಕಿನ ಜೋಳ. ಕನ್ನಡ ಒಂದೇ, ಗಡಿ ಬದಲಾದರೆ ಬೆಳೆ ಬದಲಾಗುತ್ತದೆ.

ಆಮೇಲೆ ಹುಡುಗನಿಗೆ ಫೋನ್ ಮಾಡಿ ಪ್ರಶ್ನೆ ಕೇಳಿದೆ. ಉತ್ತರಗಳು ಎರಡು ತರಹ ಬಂದವು. ‘ಬ್ಯಾಟರಿ ಅಂದರೆ ಟಾರ್ಚಾ?’ ‘ಹೌದು.’ ಇದು ಬರೆದ ಪದದ ಅರ್ಥ. ಅನುವಾದದ ಮೈಯೊಳಗೇ ಹೋಗಬಹುದು. ‘ಕರೆಂಟು ಇರಲಿಲ್ಲ ಅಂತ ಯಾರು ಹೇಳಿದ್ದು?’ ಇದಕ್ಕೆ ಅವನು, “ಬೇಲಿ ನೋಡ್ಕೊಳ್ಳೋರು ಬೆಳಿಗ್ಗೆ ಹೇಳಿದ್ರು, ಶನಿವಾರದಿಂದಾನೇ ಕೆಟ್ಟಿತ್ತಂತೆ” ಅಂದ. ಇದು ವರದಿಯಲ್ಲಿ ಇಲ್ಲದ ಹೊಸ ಸಂಗತಿ. ಎಷ್ಟೇ ಉಪಯೋಗದ್ದಾದರೂ ಅನುವಾದದೊಳಗೂ ಹೋಗಬಾರದು, ಟಿಪ್ಪಣಿಯೊಳಗೂ ಹೋಗಬಾರದು. ಅದಕ್ಕೆ ಅವನೇ ಇನ್ನೊಂದು ಹೇಳಿಕೆ ಬರೆದು, ಆ ದಿನದ ತಾರೀಖು ಹಾಕಿ ಸಹಿ ಮಾಡಬೇಕು. ಆಗ ಅದನ್ನೂ ಅನುವಾದಿಸಿಕೊಡಬಹುದು.

ಅವನಿಗೆ ಇದು ಸಿಟ್ಟು ತರಿಸಿತು. “ಅಕ್ಕಾ, ನೀವು ನಮ್ಮ ಕಡೆಯವರೇ ಅಲ್ವಾ? ‘ಇರಲಿಲ್ಲವಂತೆ’ ಬೇಡ, ‘ಇರಲಿಲ್ಲ’ ಅಂತಲೇ ಹಾಕಿ. ಕೇಸು ಗಟ್ಟಿ ಆಗುತ್ತೆ.” ನನ್ನ ಮೊದಲ ಕರಡಿನಲ್ಲಿ ಅದು ‘ಇರಲಿಲ್ಲ’ ಎಂದೇ ಇತ್ತು ಎಂಬುದು ಅವನಿಗೆ ಗೊತ್ತಿತ್ತು, ಅವನಿಗೆ ಅದೇ ಇಷ್ಟವಾಗಿತ್ತು. ನಾನು ಹೇಳಿದ್ದು ಇಷ್ಟು: “ನಿನಗೆ ಹಾಗೆ ಹೇಳಬೇಕು ಅನ್ನಿಸಿದರೆ ಕನ್ನಡದಲ್ಲಿ ನೀನೇ ಬರೆದು ಸಹಿ ಹಾಕು, ನಾನು ಹಾಗೇ ಅನುವಾದ ಮಾಡ್ತೀನಿ. ಕನ್ನಡದಲ್ಲಿ ಬರೆಯೋಕೆ ನಿನಗೆ ಧೈರ್ಯ ಇಲ್ಲದ್ದನ್ನ ನನ್ನ ಇಂಗ್ಲಿಷಲ್ಲಿ ಬರೆಸಬೇಡ.” ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಎರಡನೇ ಹೇಳಿಕೆ ಬಂತು. ಅದರಲ್ಲಿ ಬೇಲಿ ನೋಡಿಕೊಳ್ಳುವವರು ಹೇಳಿದ್ದು ಎಂದು ಸ್ಪಷ್ಟವಾಗಿ ಬರೆದಿದ್ದ, ಕೊನೆಯಲ್ಲಿ ‘ಅಂತೆ’ ಹಾಗೇ ಇತ್ತು.

ವಕೀಲರು ಹೊಸ ಇಂಗ್ಲಿಷ್ ಪ್ರತಿ ನೋಡಿ “ಹಳೇದು ಓದೋಕೆ ಚೆನ್ನಾಗಿತ್ತು” ಅಂದರು. ಅದು ನಿಜ.

ಚರ್ಚೆಯಿಂದ

ಮಂಡನೆಯ ನಂತರ ಒಬ್ಬ ಅಧ್ಯಾಪಕರು ಕೇಳಿದರು: “ಇಷ್ಟು ಟಿಪ್ಪಣಿ, ಕಂಸ ಹಾಕಿದರೆ ಹಳ್ಳಿಯವನ ಮಾತು ತೊದಲಿದಂತೆ ಕಾಣುವುದಿಲ್ಲವೇ? ಸರಾಗವಾದ ಇಂಗ್ಲಿಷಿಗೆ ಸಿಗುವ ಗೌರವ ಅವನಿಗೆ ತಪ್ಪಿಹೋಗುವುದಿಲ್ಲವೇ?”

ಈ ಆಕ್ಷೇಪ ನ್ಯಾಯವಾದದ್ದು. ಮೊದಲು ನಾನೂ ಹಾಗೇ ಯೋಚಿಸಿ ಸರಾಗ ಮಾಡಿದ್ದು. ಆದರೆ ಟಿಪ್ಪಣಿ ಬಂದದ್ದು ಎರಡೇ ಕಡೆ: ಸೋಮವಾರ ರಾತ್ರಿಗೆ ಒಂದು, ಬೇಲಿಗೆ ಒಂದು. ಉಳಿದ ತಪ್ಪುಗಳು ಟಿಪ್ಪಣಿಯಿಲ್ಲದೆ, ಸರಿಯಾದ ಸರಳ ಇಂಗ್ಲಿಷ್ ಪದದಿಂದಲೇ ಹೋದವು. ‘ಟುವರ್ಡ್ಸ್’, ‘ವಾಸ್ ಡೌನ್’, ‘ಲುಕ್ಡ್’ ಯಾವುದೂ ತೊದಲಲ್ಲ. ಹುಡುಗನ ಕನ್ನಡದಲ್ಲಿ ತಾನು ಕಂಡದ್ದು ಯಾವುದು, ಕೇಳಿದ್ದು ಯಾವುದು, ಗೊತ್ತಿಲ್ಲದ್ದು ಯಾವುದು ಎಂಬ ಲೆಕ್ಕ ಶುದ್ಧವಾಗಿತ್ತು. ಅದನ್ನು ಕಳೆದು ಕೊಡುವ ಸರಾಗತೆಯಿಂದ ಅವನಿಗೆ ಗೌರವ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಕಾಸರಗೋಡಿನ ಒಬ್ಬ ಸಹಪಾಠಿಯ ಪ್ರಶ್ನೆ: “ನಮ್ಮಲ್ಲಿ ವರದಿ ಮೊದಲು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತೆ. ಆಗ?”

ತಾಳವಾಡಿಯಲ್ಲೂ ತಮಿಳಿನ ಮೂಲಕ ಹೋಗುವುದುಂಟು. ತಮಿಳಿನಲ್ಲಿ ‘ಅಂತೆ’ಗೆ ಹತ್ತಿರದ ‘ಆಮ್’ ಇದೆ, ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಅದು ಉಳಿಯಬಹುದು. ಇಂಗ್ಲಿಷಿನ ಹೆಜ್ಜೆಯಲ್ಲಿ ಬೀಳುತ್ತದೆ. ಬಿದ್ದದ್ದು ಎಲ್ಲಿ ಅಂತ ಆಮೇಲೆ ಹುಡುಕಲಾಗುವುದಿಲ್ಲ. ನಾನು ಈಗ ಮಾಡುವುದು ಒಂದೇ: ಕನ್ನಡ ಮೂಲದ ಪ್ರತಿಯನ್ನು, ವಾಕ್ಯಗಳಿಗೆ ಅಂಕಿ ಹಾಕಿ, ಪ್ರತಿ ಅನುವಾದದ ಹಿಂದೆ ಪಿನ್ನು ಮಾಡಿ ಕೊಡುತ್ತೇನೆ. ಇಂಗ್ಲಿಷಿನ ನಾಲ್ಕನೇ ವಾಕ್ಯದ ಬಗ್ಗೆ ಅನುಮಾನ ಬಂದವರು ಕನ್ನಡದ ನಾಲ್ಕನೇ ವಾಕ್ಯದ ಮೇಲೆ ಬೆರಳಿಟ್ಟು, ಕನ್ನಡ ಬಲ್ಲ ಯಾರನ್ನಾದರೂ ಕೇಳಬಹುದು.